ಕಛೇರಿಯಿಂದ ಕಚೇರಿಗೆ: ಕಲಾವಿದರು ಯಾವ ರೆಸ್ಯೂಮ್ ಆರಿಸಿಕೊಳ್ಳಬೇಕು?

ನಾನು ಪಿಟೀಲು ನುಡಿಸುವವನು. ಮೊದಲ ಸಲ ಸಂಬಳದ ಕೆಲಸಕ್ಕೆ ಅರ್ಜಿ ಹಾಕಿದಾಗ ನನ್ನ ರೆಸ್ಯೂಮ್ ನಾಲ್ಕು ಪುಟ ಇತ್ತು. ಅದರಲ್ಲಿ ಮೂರು ಪುಟ ಬರೀ ಕಛೇರಿಗಳ ಪಟ್ಟಿ. ಎಲ್ಲಿ, ಯಾವತ್ತು, ಯಾರ ಜೊತೆ. ಸಂದರ್ಶನದಲ್ಲಿ ಮುಖ್ಯಶಿಕ್ಷಕರು ಹಾಳೆಗಳನ್ನು ಎರಡು ಸಲ ತಿರುವಿ ಹಾಕಿದರು. ಆಮೇಲೆ ಕೇಳಿದರು: "ಇದೆಲ್ಲ ಸರಿ, ನೀವು ಪಾಠ ಮಾಡಿದ್ದು ಎಷ್ಟು ವರ್ಷ?" ಮಾಡಿದ್ದು ಏಳು ವರ್ಷ. ಆದರೆ ಅದು ಕೊನೆಯ ಪುಟದಲ್ಲಿ 'ಇತರೆ' ಅನ್ನುವ ತಲೆಬರಹದ ಕೆಳಗೆ ಒಂದೇ ಸಾಲಾಗಿ ಕೂತಿತ್ತು. ಆ ಕೆಲಸ ಸಿಗಲಿಲ್ಲ.

ಮುಂದೆ ಬೇರೆ ಕಡೆ ಸಿಕ್ಕಿತು. ಕೆಲವು ವರ್ಷ ಕಳೆದ ಮೇಲೆ ಮೇಜಿನ ಆ ಬದಿಯಲ್ಲಿ ಕೂತು ಬೇರೆಯವರ ಅರ್ಜಿ ಓದುವ ಸರದಿಯೂ ಬಂತು. ಆಗ ಗೊತ್ತಾಯಿತು, ನನ್ನ ತಪ್ಪು ನನ್ನೊಬ್ಬನದಲ್ಲ. ನಮ್ಮಲ್ಲಿ ಹಾಡುವುದಕ್ಕೂ ಕಛೇರಿ, ಫೈಲು ನೋಡುವುದಕ್ಕೂ ಕಚೇರಿ. ಪದ ಹತ್ತಿರ ಹತ್ತಿರ ಇದ್ದರೂ ಎರಡು ಕಡೆಯವರು ಕೇಳುವ ಪ್ರಶ್ನೆ ಬೇರೆ. ವೇದಿಕೆಗೆ ಕರೆಯುವವರಿಗೆ ನೀವು ಎಲ್ಲಿ, ಯಾರ ಮುಂದೆ ಕಾರ್ಯಕ್ರಮ ಕೊಟ್ಟಿದ್ದೀರಿ ಅನ್ನುವುದು ಬೇಕು. ಸಂಬಳ ಕೊಡುವವರಿಗೆ ನೀವು ದಿನಾ ಹೊತ್ತಿಗೆ ಸರಿಯಾಗಿ ಬಂದು, ಇನ್ನೊಬ್ಬರು ಹಾಕಿದ ವೇಳಾಪಟ್ಟಿಯೊಳಗೆ, ಲೆಕ್ಕಪತ್ರ ಇಟ್ಟುಕೊಂಡು ಕೆಲಸ ಮಾಡಬಲ್ಲಿರಾ ಅನ್ನುವುದು ಬೇಕು.

ಕಲಾವಿದರು ಸಾಮಾನ್ಯವಾಗಿ ಕಳಿಸುವ ರೆಸ್ಯೂಮ್ ನಾಲ್ಕು ಬಗೆಯದು. ಯಾವುದು ಯಾವ ಕೆಲಸಕ್ಕೆ ಸರಿ ಅಂತ ಒಬ್ಬ ನೃತ್ಯ ಶಿಕ್ಷಕಿಯನ್ನು ಇಟ್ಟುಕೊಂಡು ನೋಡೋಣ. ಅವರು 2014ರಿಂದ ಸ್ವಂತ ತರಗತಿ ನಡೆಸುತ್ತಿದ್ದಾರೆ. 2019ರಿಂದ 2021ರವರೆಗೆ ಒಂದು ಶಾಲೆಯಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಮಾಡಿದ್ದಾರೆ. ಒಂದು ತಂಡದ ಜೊತೆ ಆರು ವರ್ಷ ಕುಣಿದಿದ್ದಾರೆ. ವಾಣಿಜ್ಯದಲ್ಲಿ ಪದವಿ ಇದೆ, ಗುರುಗಳ ಬಳಿ ಹನ್ನೆರಡು ವರ್ಷದ ಕಲಿಕೆ ಇದೆ. ಈಗ ಎರಡು ಅರ್ಜಿ ಹಾಕಬೇಕು. ಒಂದು, ಶಾಲೆಯೊಂದರಲ್ಲಿ ಪೂರ್ಣಾವಧಿ ನೃತ್ಯ ಶಿಕ್ಷಕಿಯ ಹುದ್ದೆಗೆ. ಇನ್ನೊಂದು, ಕಲಾಕೇಂದ್ರವೊಂದರಲ್ಲಿ ಕಾರ್ಯಕ್ರಮ ಸಂಯೋಜಕಿಯ ಹುದ್ದೆಗೆ.

ವೇದಿಕೆಯ ರೆಸ್ಯೂಮ್

ಇದು ಅವರ ಬಳಿ ಈಗಾಗಲೇ ಇರುವುದು. ನಾಟಕದವರ ಲೋಕದಲ್ಲಿ ಇದಕ್ಕೆ ಒಂದು ಗಟ್ಟಿ ರೂಪವೇ ಇದೆ: ಪ್ರದರ್ಶನದ ಹೆಸರು, ಮಾಡಿದ ಪಾತ್ರ, ತಂಡ ಅಥವಾ ನಿರ್ದೇಶಕರ ಹೆಸರು, ಹೀಗೆ ಮೂರು ಕಾಲಂ. ಅಮೆರಿಕದ ನಟರು 8×10 ಇಂಚಿನ ಮುಖಚಿತ್ರದ ಹಿಂದೆ ಅದೇ ಅಳತೆಗೆ ಕತ್ತರಿಸಿದ ಹಾಳೆಯನ್ನು ಪಿನ್ ಮಾಡಿ ಕೊಡುವುದು ರೂಢಿ. ಅದರಲ್ಲಿ ಎತ್ತರ, ಕೂದಲ ಬಣ್ಣ, ದನಿಯ ವ್ಯಾಪ್ತಿ ಎಲ್ಲ ಇರುತ್ತದೆ. ಪಾತ್ರಕ್ಕೆ ಆರಿಸುವವರಿಗೆ ಅವು ನಿಜಕ್ಕೂ ಬೇಕು. ಎಷ್ಟೋ ಸಲ ತಾರೀಖು ಮಾತ್ರ ಇರುವುದಿಲ್ಲ. ಯಾವ ಪಾತ್ರ ಅನ್ನುವುದು ಮುಖ್ಯ, ಯಾವ ವರ್ಷ ಅನ್ನುವುದು ಅಷ್ಟು ಮುಖ್ಯ ಅಲ್ಲ.

ಸಂಬಳದ ಕೆಲಸಕ್ಕೆ ಇದು ಪೂರ್ತಿ ಉಲ್ಟಾ. ತಾರೀಖು ಇಲ್ಲದ ಸಾಲನ್ನು ಆಯ್ಕೆಯವರು ಎಣಿಸುವುದೇ ಇಲ್ಲ. ನರ್ತಕಿಯ ಎತ್ತರ ಎಷ್ಟಾದರೇನು, ಸಂಯೋಜಕಿಯ ಕೆಲಸಕ್ಕೆ ಅದು ಸಂಬಂಧ ಇಲ್ಲ. ನಮ್ಮ ಶಿಕ್ಷಕಿಯ ಎರಡು ಹುದ್ದೆಗೂ ಈ ರೂಪ ಬೇಡ. ಹಾಗಂತ ಹರಿದು ಬಿಸಾಡಬೇಡಿ. ಅದನ್ನು ಮನೆಯಲ್ಲಿ ಮೂಲ ಪಟ್ಟಿಯಾಗಿ ಇಟ್ಟುಕೊಳ್ಳಿ. ಪ್ರತಿ ಸಾಲಿಗೂ ತಿಂಗಳು, ವರ್ಷ ಸೇರಿಸಿ. ಮುಂದಿನ ಎಲ್ಲ ರೆಸ್ಯೂಮ್‌ಗಳಿಗೂ ಸರಕು ಬರುವುದು ಅಲ್ಲಿಂದಲೇ.

ಒಂದು ಜಾಗದಲ್ಲಿ ಮಾತ್ರ ಪ್ರದರ್ಶನಗಳ ಉದ್ದ ಪಟ್ಟಿಗೆ ಬೆಲೆ ಇದೆ: ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ. ಅಲ್ಲಿ ವೇದಿಕೆಯ ಕೆಲಸವನ್ನು ಪ್ರಬಂಧ ಪ್ರಕಟಣೆಯ ಹಾಗೆ ನೋಡುವುದುಂಟು. ಆದರೆ ಅಲ್ಲೂ ವರ್ಷವಾರು ಬರೆಯಬೇಕು. ಏಕವ್ಯಕ್ತಿ ಪ್ರದರ್ಶನ, ತಂಡದ ಪ್ರದರ್ಶನ, ನೃತ್ಯ ಸಂಯೋಜನೆ ಬೇರೆ ಬೇರೆ ಇರಬೇಕು. ಎರಡು ಪುಟ ದಾಟಿದರೂ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೌಶಲದ ರೆಸ್ಯೂಮ್

'ಸಂವಹನ', 'ನಾಯಕತ್ವ', 'ಸೃಜನಶೀಲತೆ' ಅಂತ ತಲೆಬರಹ ಹಾಕಿ, ಕೆಳಗೆ ನಾಲ್ಕು ನಾಲ್ಕು ಸಾಲು ಬರೆದು, ಕೊನೆಯಲ್ಲಿ ಕೆಲಸದ ಜಾಗಗಳನ್ನು ಸುಮ್ನೆ ಪಟ್ಟಿ ಮಾಡುವುದು ಈ ಬಗೆ. ಕೆಲಸದ ಕ್ಷೇತ್ರ ಬದಲಾಯಿಸುವವರಿಗೆ ಇದೇ ಒಳ್ಳೆಯದು ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನು ಒಪ್ಪುವುದಿಲ್ಲ.

ಓದುವವರ ಕಡೆಯಿಂದ ನೋಡಿ. 'ದೊಡ್ಡ ಗುಂಪುಗಳನ್ನು ನಿಭಾಯಿಸಿದ ಅನುಭವ' ಅಂತ ಬರೆದಿದೆ. ಎಲ್ಲಿ? ಶಾಲೆಯಲ್ಲಿ ಮೂವತ್ತು ಮಕ್ಕಳನ್ನೋ, ತಂಡದಲ್ಲಿ ಐದು ಜನ ನರ್ತಕರನ್ನೋ? ಯಾವಾಗ? ಹೋದ ವರ್ಷವೋ, ಹತ್ತು ವರ್ಷದ ಹಿಂದೆಯೋ? ಹಾಳೆ ಹೇಳುವುದಿಲ್ಲ. ಹೇಳದೆ ಇದ್ದಾಗ ಓದುವವರಿಗೆ ಮೊದಲು ಬರುವ ಅನುಮಾನ, ಇವರು ಏನೋ ಮುಚ್ಚಿಡುತ್ತಿದ್ದಾರೆ ಅಂತ. ಕಲಾವಿದರ ಬಗ್ಗೆ ಆ ಅನುಮಾನ ಹೇಗೂ ಸ್ವಲ್ಪ ಜಾಸ್ತಿ. ನಡುವೆ ಖಾಲಿ ಕೂತಿದ್ದರಾ, ಒಂದು ಕಡೆ ನಿಲ್ಲುತ್ತಾರಾ ಅನ್ನುವ ಪ್ರಶ್ನೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ತಾರೀಖು ಇಲ್ಲದ ರೆಸ್ಯೂಮ್ ಅದಕ್ಕೆ ಗೊಬ್ಬರ ಹಾಕುತ್ತದೆ. ಇದನ್ನು ಬಿಟ್ಟುಬಿಡಿ.

ತಾರೀಖಿನ ಕ್ರಮದ ರೆಸ್ಯೂಮ್: ಪಾಠ ಹೇಳುವ ಕೆಲಸಕ್ಕೆ

ಈಗಿನ ಕೆಲಸ ಮೇಲೆ, ಹಳೆಯದು ಕೆಳಗೆ. ಆಯ್ಕೆಯವರಿಗೆ ಓದಲು ಇದೇ ಸಲೀಸು. ಆದರೆ ಕಲಾವಿದರು ಇದನ್ನು ನೇರವಾಗಿ ಬಳಸಿದರೆ ಗೋಜಲಾಗುತ್ತದೆ. ಯಾಕೆಂದರೆ ನಮ್ಮ ಜೀವನ ಒಂದರ ಹಿಂದೆ ಒಂದು ಬರುವುದಿಲ್ಲ. ತರಗತಿ, ತಂಡ, ಶಾಲೆ, ಕಾರ್ಯಾಗಾರ ಎಲ್ಲ ಒಂದೇ ಹೊತ್ತಿಗೆ ನಡೆಯುತ್ತಿರುತ್ತದೆ. ಹಾಗೇ ಬರೆದರೆ ಹದಿನಾಲ್ಕು ಚಿಕ್ಕ ಚಿಕ್ಕ ಕೆಲಸ ಕಾಣುತ್ತದೆ. ನೋಡಿದವರಿಗೆ ಇವರು ವರ್ಷಕ್ಕೆ ಎರಡು ಕೆಲಸ ಬಿಡುತ್ತಾರೆ ಅನ್ನಿಸುತ್ತದೆ.

ಇದಕ್ಕೆ ಎರಡು ರಿಪೇರಿ ಇವೆ. ಮೊದಲನೆಯದು, ಬಿಡಿ ಕೆಲಸಗಳನ್ನೆಲ್ಲ ಒಂದೇ ಕೊಡೆಯ ಕೆಳಗೆ ತರುವುದು. 'ಸ್ವತಂತ್ರ ಪಿಟೀಲು ವಾದಕ, 2009ರಿಂದ ಇಲ್ಲಿಯವರೆಗೆ' ಅಂತ ಒಂದೇ ನಮೂದು. ಅದರ ಕೆಳಗೆ ಮೂರೋ ನಾಲ್ಕೋ ಆಯ್ದ ಕಾರ್ಯಕ್ರಮ. ಹದಿನಾಲ್ಕು ಚೂರು ಒಂದೇ ಉದ್ದ ಕೆಲಸ ಆಗುತ್ತದೆ. ನಿಜವೂ ಅದೇ ಅಲ್ವಾ?

ಎರಡನೆಯದು, ಅನುಭವವನ್ನು ಎರಡು ಭಾಗ ಮಾಡುವುದು. ಮೇಲೆ 'ಬೋಧನೆಯ ಅನುಭವ', ಅದರ ಕೆಳಗೆ 'ವೇದಿಕೆಯ ಅನುಭವ'. ಎರಡರಲ್ಲೂ ತಾರೀಖಿನ ಕ್ರಮ ಕೆಡುವುದಿಲ್ಲ. ಆದರೆ ಪಾಠದ ವರ್ಷಗಳೆಲ್ಲ ಮೊದಲ ಪುಟದ ಮೇಲರ್ಧಕ್ಕೆ ಬರುತ್ತವೆ. ನನ್ನ ಹಳೆಯ ರೆಸ್ಯೂಮ್‌ನಲ್ಲಿ ಇಷ್ಟು ಮಾಡಿದ್ದರೆ ಸಾಕಿತ್ತು.

ನಮ್ಮ ಶಿಕ್ಷಕಿ ಮೊದಲು ಬರೆದದ್ದು ಹೀಗೆ ಅಂತ ಇಟ್ಟುಕೊಳ್ಳಿ:

> ಸಂಸ್ಥಾಪಕ ನಿರ್ದೇಶಕಿ, ನೃತ್ಯ ಶಾಲೆ. ಅನೇಕ ವಿದ್ಯಾರ್ಥಿಗಳಿಗೆ ನೃತ್ಯದ ಸೊಬಗನ್ನು ಧಾರೆ ಎರೆದಿರುತ್ತಾರೆ. ಹಲವಾರು ಪ್ರತಿಷ್ಠಿತ ವೇದಿಕೆಗಳಲ್ಲಿ ಪ್ರದರ್ಶನ ನೀಡಿರುತ್ತಾರೆ.

ಇದು ಆಮಂತ್ರಣ ಪತ್ರಿಕೆಯ ಭಾಷೆ. ನಿರೂಪಕರು ಮೈಕಿನಲ್ಲಿ ಓದುವ ಪರಿಚಯ ಹಾಗೇ ಅರ್ಜಿಗೆ ಬಂದು ಕೂತಿದೆ. 'ಅನೇಕ', 'ಹಲವಾರು', 'ಪ್ರತಿಷ್ಠಿತ' ಈ ಮೂರು ಪದದಿಂದ ಆಯ್ಕೆಯವರಿಗೆ ಒಂದು ಸಂಗತಿಯೂ ಸಿಗುವುದಿಲ್ಲ. ಅದೇ ಅನುಭವವನ್ನು ಹೀಗೆ ಬರೆಯಬಹುದು:

> ನೃತ್ಯ ಶಿಕ್ಷಕಿ, ಸ್ವಂತ ತರಗತಿ. ಜೂನ್ 2014ರಿಂದ ಇಲ್ಲಿಯವರೆಗೆ.
> 6ರಿಂದ 16 ವರ್ಷದ 45 ವಿದ್ಯಾರ್ಥಿಗಳು, ನಾಲ್ಕು ಹಂತ. ವಾರಕ್ಕೆ 12 ಗಂಟೆ ಪಾಠ.
> ಪ್ರತಿ ಹಂತಕ್ಕೂ ವರ್ಷದ ಪಾಠ ಯೋಜನೆ. ಆರು ತಿಂಗಳಿಗೊಮ್ಮೆ ಪೋಷಕರಿಗೆ ಬರಹದಲ್ಲಿ ಪ್ರಗತಿ ವರದಿ.
>
> ನೃತ್ಯ ಶಿಕ್ಷಕಿ, ಗಂಟೆ ಲೆಕ್ಕದಲ್ಲಿ, ಶಾಲೆ. ಜೂನ್ 2019ರಿಂದ ಮಾರ್ಚ್ 2021.
> ಮೂರು ತರಗತಿ, ತರಗತಿಗೆ ಸುಮಾರು 30 ಮಕ್ಕಳು, ವಾರಕ್ಕೆ 6 ಪೀರಿಯಡ್. ನೃತ್ಯ ಹಿಂದೆ ಕಲಿಯದ ಮಕ್ಕಳೇ ಹೆಚ್ಚು.

ಇಲ್ಲಿ ಗಂಟೆ ಹಾಕಿದ್ದಕ್ಕೆ ಕಾರಣ ಇದೆ. ಸ್ವಂತ ತರಗತಿ ಅಂದರೆ ಓದುವವರು 'ವಾರಾಂತ್ಯದಲ್ಲಿ ಎರಡು ಗಂಟೆ' ಅಂದುಕೊಳ್ಳುತ್ತಾರೆ. ನಾಲ್ಕು ಹಂತಕ್ಕೆ ವಾರಕ್ಕೆ ತಲಾ ಮೂರು ಪಾಠ, ಒಂದೊಂದೂ ಒಂದು ಗಂಟೆಯದು ಅಂದರೆ 12 ಗಂಟೆ. ವರ್ಷದಲ್ಲಿ 42 ವಾರ ನಡೆದರೆ 504 ಗಂಟೆ. ಇದು ಬೇರೆಯೇ ಚಿತ್ರ ಕೊಡುತ್ತದೆ. ಆದರೆ ಹನ್ನೆರಡು ಗಂಟೆಯನ್ನು ಪೂರ್ಣಾವಧಿ ಅಂತ ಹೇಳಿಕೊಳ್ಳಬೇಡಿ. ಎಷ್ಟೋ ಅರ್ಜಿ ನಮೂನೆಗಳಲ್ಲಿ ಪೂರ್ಣಾವಧಿ, ಅರೆಕಾಲಿಕ ಅಂತ ಬೇರೆ ಬೇರೆ ಕೇಳುತ್ತಾರೆ. ಅಲ್ಲಿ ಗಂಟೆ ಬರೆದರೆ ಲೆಕ್ಕ ಅವರೇ ಹಾಕಿಕೊಳ್ಳುತ್ತಾರೆ.

ಶಾಲೆಯ ಎರಡು ವರ್ಷಕ್ಕೆ ಒಂದೇ ಪುಟ್ಟ ನಮೂದು ಇದ್ದರೂ ಆ ಹುದ್ದೆಗೆ ಅದೇ ಚಿನ್ನ. ಸ್ವಂತ ತರಗತಿಗೆ ಬರುವ ಮಗು ಕಲಿಯಬೇಕು ಅಂತಲೇ ಬಂದಿರುತ್ತದೆ. ಶಾಲೆಯಲ್ಲಿ ಮೂವತ್ತರಲ್ಲಿ ಹತ್ತು ಮಕ್ಕಳಿಗೆ ನೃತ್ಯವೇ ಬೇಡ, ಗಂಟೆ ಹೊಡೆದರೆ ಪಾಠ ಮುಗಿಯಲೇಬೇಕು, ಪಕ್ಕದ ಕೋಣೆಯಲ್ಲಿ ಗಣಿತದ ಪರೀಕ್ಷೆ ನಡೆಯುತ್ತಿರುತ್ತದೆ. ಅಲ್ಲಿ ಎರಡು ವರ್ಷ ನಿಂತವರು ಇಲ್ಲೂ ನಿಲ್ಲುತ್ತಾರೆ ಅಂತ ಆಯ್ಕೆಯವರು ಲೆಕ್ಕ ಹಾಕುತ್ತಾರೆ. ಅದಕ್ಕೇ ಮಕ್ಕಳ ಸಂಖ್ಯೆಯನ್ನೂ 'ಹಿಂದೆ ಕಲಿಯದ' ಅನ್ನುವ ಮಾತನ್ನೂ ಬಿಡಬಾರದು.

'ಸಂಸ್ಥಾಪಕ ನಿರ್ದೇಶಕಿ' ಹೋಗಿ 'ನೃತ್ಯ ಶಿಕ್ಷಕಿ' ಬಂದದ್ದನ್ನು ಗಮನಿಸಿದಿರಾ? ನಲವತ್ತೈದು ಮಕ್ಕಳ ತರಗತಿಗೆ ಅಷ್ಟು ದೊಡ್ಡ ಬಿರುದು ಹಾಕಿದರೆ ಓದುವವರು ಒಳಗೊಳಗೇ ನಗುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ನಿರ್ದೇಶಕಿ ಆಗಿದ್ದವರು ನಮ್ಮ ಮುಖ್ಯಶಿಕ್ಷಕರ ಮಾತು ಕೇಳುತ್ತಾರಾ ಅಂತ ಯೋಚಿಸುತ್ತಾರೆ.

ಮಿಶ್ರ ರೆಸ್ಯೂಮ್: ಆಡಳಿತದ ಕೆಲಸಕ್ಕೆ

ಸಂಯೋಜಕಿಯ ಹುದ್ದೆಗೆ ಮೇಲಿನ ರೂಪ ಸಾಲದು. ಅಲ್ಲಿ ತಾರೀಖಿನ ಕ್ರಮ ಇಟ್ಟರೆ ಕಾಣುವುದು ಬರೀ ಶಿಕ್ಷಕಿ. ಆದರೆ ಆಡಳಿತದ ಕೆಲಸ ಅವರು ಹತ್ತು ವರ್ಷದಿಂದ ಮಾಡುತ್ತಲೇ ಇದ್ದಾರೆ. ಅದಕ್ಕೆ ಹುದ್ದೆಯ ಹೆಸರು ಇರಲಿಲ್ಲ ಅಷ್ಟೇ.

ಮಿಶ್ರ ರೂಪದಲ್ಲಿ ಮೊದಲ ಪುಟದ ಮೇಲೆ, ಜಾಹೀರಾತಿನಲ್ಲಿ ಕೇಳಿದ ಮೂರು ಕೆಲಸಗಳಿಗೆ ಒಂದೊಂದು ಸಾಕ್ಷಿ ಕೊಡಬೇಕು. ಕೆಳಗೆ ಎಂದಿನಂತೆ ತಾರೀಖಿನ ಕ್ರಮ. ಕೌಶಲದ ರೆಸ್ಯೂಮ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಮೇಲಿನ ಪ್ರತಿ ಸಾಲಿನಲ್ಲೂ ಎಲ್ಲಿ, ಯಾವಾಗ ಅನ್ನುವುದು ಇರುತ್ತದೆ. ಓದುವವರು ಕೆಳಗಿನ ನಮೂದಿಗೆ ಹೋಗಿ ತಾಳೆ ನೋಡಬಹುದು.

ಶಿಕ್ಷಕಿಯ ವಾರ್ಷಿಕ ಪ್ರದರ್ಶನವನ್ನೇ ತಗೊಳ್ಳಿ. ವೇದಿಕೆಯ ರೆಸ್ಯೂಮ್‌ನಲ್ಲಿ ಅದು 'ವಾರ್ಷಿಕ ಪ್ರದರ್ಶನ, ನೃತ್ಯ ಸಂಯೋಜನೆ' ಅಂತ ನಾಲ್ಕು ಪದ. ನಿಜಕ್ಕೂ ಏನು ನಡೆಯಿತು ಅಂತ ಅವರನ್ನೇ ಕೂರಿಸಿಕೊಂಡು ಕೇಳಿದರೆ ಬೇರೆ ಕತೆ ಬರುತ್ತದೆ. ನಾಲ್ಕು ತಿಂಗಳು ಮುಂಚೆ ಸಭಾಂಗಣ ಕಾದಿರಿಸಿದರು. 45 ಮಕ್ಕಳ ಪೋಷಕರಿಂದ ಒಪ್ಪಿಗೆ ಪತ್ರ ಪಡೆದರು. ಒಂಬತ್ತು ತಾಲೀಮಿನ ವೇಳಾಪಟ್ಟಿ ಮಾಡಿ, ಯಾವ ಮಗು ಯಾವತ್ತು ಬರಬೇಕು ಅಂತ ಹಂಚಿದರು. ಬೆಳಕು, ಧ್ವನಿ, ಉಡುಪು, ಮೇಕಪ್ಪಿನವರ ಜೊತೆ ದರ ಮಾತಾಡಿದರು. ಖರ್ಚಿನ ಪುಸ್ತಕ ಇಟ್ಟರು. ಇವೆಲ್ಲ ಕಲಾಕೇಂದ್ರದ ಸಂಯೋಜಕಿ ಮಾಡುವ ಕೆಲಸಗಳೇ. ಹಾಗಾಗಿ ಸಾಲು ಹೀಗಾಗುತ್ತದೆ:

> ಕಾರ್ಯಕ್ರಮ ನಿರ್ವಹಣೆ: 2016ರಿಂದ ಪ್ರತಿ ವರ್ಷ 45 ಮಕ್ಕಳ ಎರಡು ಗಂಟೆಯ ಪ್ರದರ್ಶನ (ಸ್ವಂತ ತರಗತಿ). ಸಭಾಂಗಣ ಕಾದಿರಿಸುವುದು, ಒಂಬತ್ತು ತಾಲೀಮಿನ ವೇಳಾಪಟ್ಟಿ, ನಾಲ್ಕು ಗುತ್ತಿಗೆದಾರರ ಜೊತೆ ವ್ಯವಹಾರ, ಖರ್ಚಿನ ಲೆಕ್ಕ.

ಬಜೆಟ್ ಎಷ್ಟಿತ್ತು ಅನ್ನುವ ಮೊತ್ತವನ್ನೂ ಅಂಕಿಯಲ್ಲಿ ಹಾಕಿ. ಚಿಕ್ಕದಾದರೂ ಪರವಾಗಿಲ್ಲ. ಮೊತ್ತ ಇಲ್ಲದ 'ಬಜೆಟ್ ನಿರ್ವಹಣೆ' ಅನ್ನುವ ಮಾತನ್ನು ಯಾರೂ ನಂಬುವುದಿಲ್ಲ. ಶಾಲೆಯ ಅರ್ಜಿಯಲ್ಲಿ ಕೊನೆಗೆ ಸರಿದಿದ್ದ ವಾಣಿಜ್ಯ ಪದವಿಗೂ ಈ ಅರ್ಜಿಯಲ್ಲಿ ಬೆಲೆ ಬರುತ್ತದೆ. ಲೆಕ್ಕದ ಸಾಲಿನ ಪಕ್ಕದಲ್ಲೇ ಅದನ್ನು ಎತ್ತಿ ಹೇಳಬಹುದು. ತಂಡದ ಜೊತೆ ಕುಣಿದ ಆರು ವರ್ಷ ಇಲ್ಲಿ ಎರಡೇ ಸಾಲು. ಮನಸ್ಸಿಗೆ ಕಷ್ಟವಾಗುತ್ತದೆ, ಗೊತ್ತು.

ಯಾವ ರೂಪವೂ ರಿಪೇರಿ ಮಾಡಲಾಗದ್ದು

ಕೆಲವು ಹುದ್ದೆಗಳಿಗೆ ನಿರ್ದಿಷ್ಟ ಪದವಿ ಅಥವಾ ಶಿಕ್ಷಕರ ತರಬೇತಿಯ ಪ್ರಮಾಣಪತ್ರ ನಿಯಮದಲ್ಲೇ ಇರುತ್ತದೆ. ಅದಿಲ್ಲದಿದ್ದರೆ ರೆಸ್ಯೂಮ್ ಎಷ್ಟು ಚೆನ್ನಾಗಿದ್ದರೂ ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಹೋಗುತ್ತದೆ. ಅರ್ಜಿ ಬರೆಯುವ ಮುಂಚೆ ಜಾಹೀರಾತಿನಲ್ಲಿ 'ಕಡ್ಡಾಯ' ಯಾವುದು, 'ಇದ್ದರೆ ಒಳ್ಳೆಯದು' ಯಾವುದು ಅಂತ ನೋಡಿಕೊಳ್ಳಿ. ನಿಯಮದಲ್ಲಿ ಸಡಿಲ ಇದ್ದರೆ ಗುರುಗಳ ಬಳಿ ಕಲಿತದ್ದನ್ನು ವಿದ್ಯಾಭ್ಯಾಸದ ಭಾಗದಲ್ಲೇ ಬರೆಯಿರಿ. ಎಷ್ಟು ವರ್ಷ, ವಾರಕ್ಕೆ ಎಷ್ಟು ಪಾಠ, ಕೊನೆಯಲ್ಲಿ ಯಾವ ಹಂತ ಮುಟ್ಟಿದಿರಿ ಅಂತ ಹೇಳಿ. ದರ್ಜೆಯ ಪರೀಕ್ಷೆ ಪಾಸು ಮಾಡಿದ್ದರೆ ಮಂಡಳಿಯ ಹೆಸರು, ದರ್ಜೆ, ವರ್ಷ ಮೂರೂ ಇರಲಿ. ಸಂಗೀತದ ದರ್ಜೆ ಪರೀಕ್ಷೆ ನಡೆಸುವ ಟ್ರಿನಿಟಿ ಕಾಲೇಜ್ ಲಂಡನ್ ಅಥವಾ ಎಬಿಆರ್‌ಎಸ್‌ಎಂನ ಎಂಟನೇ ಗ್ರೇಡ್ ಅಂದರೆ ಹೊರಗಿನವರಿಗೂ ಒಂದು ಅಂದಾಜು ಸಿಗುತ್ತದೆ. 'ವಿಶೇಷ ತರಬೇತಿ ಪಡೆದಿದ್ದೇನೆ' ಅಂದರೆ ಏನೂ ಸಿಗುವುದಿಲ್ಲ.

ಪುರಾವೆಯ ವಿಷಯ ಇನ್ನೊಂದು. ಸ್ವತಂತ್ರವಾಗಿ ಕೆಲಸ ಮಾಡಿದವರಿಗೆ ನೇಮಕ ಪತ್ರ, ಸಂಬಳ ಚೀಟಿ ಇರುವುದಿಲ್ಲ. ಬದಲಿಗೆ ಶುಲ್ಕದ ರಸೀದಿ ಪುಸ್ತಕ, ಹಾಜರಿ ಪುಸ್ತಕ, ತೆರಿಗೆ ಸಲ್ಲಿಕೆ, ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ ಪಟ್ಟಿ, ತಾರೀಖು ಇರುವ ಕಾರ್ಯಕ್ರಮ ಪತ್ರಿಕೆ ಇವನ್ನು ಜೋಡಿಸಿಕೊಳ್ಳಬೇಕು. ರೆಸ್ಯೂಮ್‌ನಲ್ಲಿ 2014 ಅಂತ ಬರೆದು, ಕೈಯಲ್ಲಿರುವ ಮೊದಲ ಕಾಗದ 2017ರದ್ದಾದರೆ ಪರಿಶೀಲನೆಯ ದಿನ ಮುಖ ಸಣ್ಣದಾಗುತ್ತದೆ. ಹೆಸರಿನ ಗೊಂದಲವೂ ಇಲ್ಲೇ ಹೊರಬರುವುದು. ವೇದಿಕೆಯ ಹೆಸರು ಒಂದು, ಪದವಿ ಪತ್ರದ ಹೆಸರು ಇನ್ನೊಂದು. ರೆಸ್ಯೂಮ್‌ನ ತಲೆಯಲ್ಲಿ ಪ್ರಮಾಣಪತ್ರದ ಹೆಸರನ್ನೇ ಹಾಕಿ, ಕೆಳಗೆ ಚಿಕ್ಕದಾಗಿ ವೇದಿಕೆಯ ಹೆಸರು ಕೊಡಿ.

ಇನ್ನು ಪರಿಚಯ ಹೇಳುವವರು. ನಾವು ಸಾಮಾನ್ಯವಾಗಿ ಗುರುಗಳ ಹೆಸರನ್ನು, ಇಲ್ಲವೇ ಹೆಸರಾಂತ ಕಲಾವಿದರೊಬ್ಬರ ಹೆಸರನ್ನು ಕೊಡುತ್ತೇವೆ. ಅವರು ನಮ್ಮ ಕಲೆಯ ಬಗ್ಗೆ ಹೇಳಬಲ್ಲರು. ಆದರೆ ಆಯ್ಕೆಯವರು ಫೋನ್ ಮಾಡಿ ಕೇಳುವುದು 'ಹೊತ್ತಿಗೆ ಸರಿಯಾಗಿ ಬರುತ್ತಿದ್ದರಾ?' ಅಂತ. ಗಂಟೆ ಲೆಕ್ಕದಲ್ಲಿ ಕೆಲಸ ಮಾಡಿದ ಶಾಲೆಯ ಮುಖ್ಯಸ್ಥರು, ಸಭಾಂಗಣದ ವ್ಯವಸ್ಥಾಪಕರು ಇಂಥವರು ಅದಕ್ಕೆ ಉತ್ತರ ಕೊಡಬಲ್ಲರು. ಇಬ್ಬರಲ್ಲಿ ಒಬ್ಬರಾದರೂ ಹಾಗಿರಲಿ.

ಕಳಿಸುವ ಮುಂಚೆ

ಕಲಾವಿದರ ರೆಸ್ಯೂಮ್ ನೋಡಲು ಚೆಂದ ಇರುತ್ತದೆ, ಅದೇ ಒಂದು ತೊಂದರೆ. ಎರಡು ಕಾಲಂ, ಬಣ್ಣದ ಪಟ್ಟಿ, ಮೂಲೆಯಲ್ಲಿ ಫೋಟೋ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಯ ಅಕ್ಷರಗಳನ್ನು ಮೊದಲು ತಂತ್ರಾಂಶ ಎತ್ತಿಕೊಳ್ಳುತ್ತದೆ. ಕಾಲಂ ಇದ್ದರೆ ಎಡದ ಸಾಲಿಗೆ ಬಲದ ಸಾಲು ಅಂಟಿಕೊಂಡು ತಾರೀಖು ಒಂದು ಕಡೆ, ಕೆಲಸ ಒಂದು ಕಡೆ ಆಗಬಹುದು. ಚಿತ್ರವಾಗಿ ಉಳಿಸಿದ ಪಿಡಿಎಫ್ ಆದರೆ ಅಕ್ಷರವೇ ಸಿಗದೆ ಹೋಗಬಹುದು. ನೋಡುವುದು ಸುಲಭ: ಪಿಡಿಎಫ್ ತೆರೆದು Ctrl+A, Ctrl+C ಒತ್ತಿ, ಒಂದು ಖಾಲಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಓದಿಕೊಂಡು ಹೋಗಲು ಬಂದರೆ ಸರಿ. ಬರದಿದ್ದರೆ ಒಂದೇ ಕಾಲಂನಲ್ಲಿ ಮತ್ತೆ ಬರೆಯಿರಿ. ಕನ್ನಡದ ಅಕ್ಷರಗಳಿದ್ದರೆ ಒತ್ತಕ್ಷರ ಒಡೆದುಹೋಗಿದೆಯಾ ಅಂತಲೂ ಅಲ್ಲೇ ನೋಡಿ.

ಇನ್ನೊಂದು ಪರೀಕ್ಷೆ ಮನುಷ್ಯರದ್ದು. ಕಲೆಯ ಗಂಧ ಇಲ್ಲದ ಯಾರಿಗಾದರೂ ಮೊದಲ ಪುಟ ಕೊಟ್ಟು ಅರ್ಧ ನಿಮಿಷ ಬಿಡಿ. ಹಾಳೆ ವಾಪಸ್ ತಗೊಂಡು ಕೇಳಿ: ನಾನು ಈಗ ಏನು ಕೆಲಸ ಮಾಡುತ್ತಿದ್ದೇನೆ? ಎಷ್ಟು ವರ್ಷದಿಂದ? ಯಾರಿಗೆ ಕಲಿಸಿದ್ದೇನೆ? ಮೂರಕ್ಕೂ ಉತ್ತರ ಬರಬೇಕು. 'ನೀನು ತುಂಬಾ ಕಡೆ ಕುಣಿದಿದ್ದೀಯ' ಅಂತ ಹೇಳಿದರೆ, ನೀವು ಇನ್ನೂ ವೇದಿಕೆಯ ರೆಸ್ಯೂಮ್‌ನಲ್ಲೇ ಇದ್ದೀರಿ.

ನಮ್ಮ ಶಿಕ್ಷಕಿಗೆ ಎರಡೂ ಕಡೆ ಎದುರಾಗುವ ಪ್ರಶ್ನೆ ಒಂದಿದೆ: ಸ್ವಂತ ತರಗತಿ ಏನು ಮಾಡುತ್ತೀರಿ? ಶಾಲೆಯವರಿಗೆ ತಮ್ಮ ಮಕ್ಕಳನ್ನು ಅಲ್ಲಿಗೆ ಸೆಳೆಯುತ್ತಾರೆ ಅನ್ನುವ ಭಯ. ಕೇಂದ್ರದವರಿಗೆ ಸಂಜೆ ಐದಕ್ಕೆ ಎದ್ದು ಹೋಗುತ್ತಾರೆ ಅನ್ನುವ ಭಯ. 'ಇಲ್ಲಿಯವರೆಗೆ' ಅನ್ನುವ ಪದ ನೋಡಿದ ಕೂಡಲೇ ಅದು ಹುಟ್ಟುತ್ತದೆ. ರೆಸ್ಯೂಮ್‌ನಲ್ಲಿ ಇದಕ್ಕೆ ಜಾಗ ಇಲ್ಲ, ಜೊತೆಯ ಪತ್ರದಲ್ಲಿ ಇದೆ. ಮೊದಲು ಅವರು ತಾವೇ ತೀರ್ಮಾನಿಸಬೇಕು. ಆಮೇಲೆ ಎರಡೇ ವಾಕ್ಯ: 'ಈ ಹುದ್ದೆ ಸಿಕ್ಕರೆ ನನ್ನ ತರಗತಿ ಭಾನುವಾರ ಬೆಳಿಗ್ಗೆಗೆ ಮಾತ್ರ ಇರುತ್ತದೆ. ಶಾಲೆಯ ವಿದ್ಯಾರ್ಥಿಗಳನ್ನು ಅದಕ್ಕೆ ಸೇರಿಸಿಕೊಳ್ಳುವುದಿಲ್ಲ.'